ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಈರುಳ್ಳಿ ಬೇರಿನಲ್ಲಿ ಮೈಟಾಸಿಸ್, ಅಂದರೆ ಒಂದು ಕೋಶ ಎರಡಾಗುವ ವಿಭಜನೆ, ನೋಡುವ ಪ್ರಯೋಗದ ವಾರ ಬಂತೆಂದರೆ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿಗಳು ಕೇಳಿದ್ದು, ಹೊಸ ಶಿಕ್ಷಕರು ಬರೆದು ಕೇಳಿದ್ದು ಎಲ್ಲವನ್ನೂ ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸ್ಲೈಡ್ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಮೈಕ್ರೋಸ್ಕೋಪಿಗೆ ಕಣ್ಣಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಉತ್ತರಗಳಲ್ಲಿ ಹೆಚ್ಚಿನ ಜಾಗ ತಯಾರಿಗೆ ಹೋಗಿದೆ.

## ಶುರುವಿಗೆ ಮುಂಚೆ

ಈರುಳ್ಳಿ ಬೇರೇ ಯಾಕೆ ಬೇಕು? ಸಿಪ್ಪೆಯಲ್ಲಿ ನೋಡಿದರೆ ಆಗಲ್ವಾ?

ಆಗುವುದಿಲ್ಲ. ಈರುಳ್ಳಿ ಪದರದ ಒಳಸಿಪ್ಪೆಯಲ್ಲಿ ಜೀವಕೋಶಗಳು ಅಂದವಾಗಿ ಕಾಣುತ್ತವೆ ನಿಜ. ಆದರೆ ಅವು ಬೆಳೆದು ಮುಗಿದ ಕೋಶಗಳು, ಅಲ್ಲಿ ವಿಭಜನೆ ನಿಂತುಹೋಗಿರುತ್ತದೆ. ಬೇರಿನ ತುದಿಯಲ್ಲಿ ಹಾಗಲ್ಲ, ಬೇರು ಉದ್ದವಾಗಬೇಕಾದರೆ ಅಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರಬೇಕು.

ಈರುಳ್ಳಿಯನ್ನೇ ಆರಿಸಲು ಇನ್ನೊಂದು ಕಾರಣ ಅದರ ವರ್ಣತಂತುಗಳು. ಒಂದು ಕೋಶದಲ್ಲಿ 16 ಮಾತ್ರ, ಗಾತ್ರವೂ ದೊಡ್ಡದು. ಶಾಲೆಯ ಸಾಧಾರಣ ಮೈಕ್ರೋಸ್ಕೋಪಿನಲ್ಲೂ ಅವು ಕಾಣುತ್ತವೆ. ಬೆಳ್ಳುಳ್ಳಿಯಲ್ಲೂ 16 ಇವೆ. ಈರುಳ್ಳಿ ಕೈಕೊಟ್ಟರೆ ಬೆಳ್ಳುಳ್ಳಿ ಎಸಳಿನ ಬೇರು ಬಳಸಬಹುದು.

"ತುದಿ" ಅಂತೀರಲ್ಲ, ಸರಿಯಾಗಿ ಎಷ್ಟು ಉದ್ದ?

ಕೊನೆಯ 2 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಬೇಡ.

ಬೇರಿನ ತೀರಾ ಕೊನೆಯಲ್ಲಿ ಟೋಪಿಯಂತೆ ಒಂದು ಹೊದಿಕೆ ಇದೆ, ಅದನ್ನು ಬೇರುಟೋಪಿ ಎನ್ನುತ್ತೇವೆ. ಅಲ್ಲಿ ನಮಗೆ ಕೆಲಸವಿಲ್ಲ. ಅದರ ಬೆನ್ನಿಗೇ ಇರುವ ಒಂದೆರಡು ಮಿಲಿಮೀಟರ್ ಭಾಗದಲ್ಲಿ ಕೋಶಗಳು ವಿಭಜನೆಯಾಗುತ್ತಿರುತ್ತವೆ. ಅದಕ್ಕೂ ಮೇಲಿನ ಭಾಗದಲ್ಲಿ ಕೋಶಗಳು ಬರೀ ಉದ್ದವಾಗುತ್ತವೆ, ಒಡೆಯುವುದಿಲ್ಲ. ಅರ್ಧ ಸೆಂಟಿಮೀಟರ್ ಬೇರು ಇಟ್ಟು ಒತ್ತಿದರೆ ಬೇಡದ ಕೋಶಗಳ ರಾಶಿಯಲ್ಲಿ ಬೇಕಾದ ಕೋಶಗಳು ಕಳೆದುಹೋಗುತ್ತವೆ.

## ಬೇರು ಬರಿಸುವುದು, ಕಾಪಾಡುವುದು

ನೀರಲ್ಲಿಟ್ಟು ವಾರ ಆಯ್ತು, ಬೇರೇ ಬರ್ತಿಲ್ಲ. ಏನ್ ತಪ್ಪು ಮಾಡಿದೆ?

ಮೊದಲು ನೀರಿನ ಮಟ್ಟ ನೋಡಿ. ಈರುಳ್ಳಿಯ ತಳದ ಬಿಲ್ಲೆ ಮಾತ್ರ ನೀರಿಗೆ ತಾಗಬೇಕು. ಅರ್ಧ ಗೆಡ್ಡೆ ಮುಳುಗಿದ್ದರೆ ಅದು ಕೊಳೆಯುತ್ತದೆ, ನೀರು ನಾರುತ್ತದೆ. ನೀರನ್ನು ದಿನಾ ಬದಲಿಸಿ.

ಎರಡನೆಯದು, ಹಳೆಯ ಒಣಬೇರುಗಳು. ಇಡುವ ಮೊದಲು ಅವನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಆದರೆ ಬಿಲ್ಲೆಗೆ ಗಾಯ ಮಾಡಬಾರದು, ಹೊಸ ಬೇರು ಹೊರಡುವುದೇ ಅಲ್ಲಿಂದ. "ಚೆನ್ನಾಗಿ ಸ್ವಚ್ಛ ಮಾಡಿದೆ ಮೇಡಂ" ಎಂದು ಬಿಲ್ಲೆಯನ್ನೇ ಕತ್ತರಿಸಿ ತಂದವರಿದ್ದಾರೆ.

ಇವೆರಡೂ ಸರಿಯಿದ್ದರೆ ತಪ್ಪು ನಿಮ್ಮದಲ್ಲ. ದಾಸ್ತಾನಿನಲ್ಲಿ ಮೊಳಕೆ ಬರದಂತೆ ಕೆಲವು ಈರುಳ್ಳಿಗೆ ಉಪಚಾರ ಮಾಡಿರುತ್ತಾರೆ, ಅಂಥವು ಬೇರು ಬಿಡಲು ಹಟ ಮಾಡುತ್ತವೆ. ಒಂದನ್ನೇ ನಂಬಿ ಕೂರಬೇಡಿ, ಮೂರ್ನಾಲ್ಕು ಗೆಡ್ಡೆಗಳನ್ನು ಒಟ್ಟಿಗೆ ಇಡಿ. ಸರಿಯಾದ ಗೆಡ್ಡೆಯಾದರೆ ಮೂರರಿಂದ ಆರು ದಿನದಲ್ಲಿ ಬೆಳ್ಳಗಿನ ಬೇರುಗಳು ಎರಡು ಸೆಂಟಿಮೀಟರ್ ಆಗುತ್ತವೆ. ಅಷ್ಟಾದಾಗ ಕತ್ತರಿಸಿ. ತುದಿ ಕಂದಿದ್ದರೆ ಅಂಥ ಬೇರು ಬೇಡ.

ಬೆಳಗ್ಗೆ ಎಂಟರಿಂದ ಹತ್ತರೊಳಗೆ ಕತ್ತರಿಸಲೇಬೇಕಾ?

ಕೈಪಿಡಿಗಳು ಹಾಗೆ ಹೇಳುತ್ತವೆ. ಸಾಧ್ಯವಾದರೆ ಪಾಲಿಸಿ. ಆ ಹೊತ್ತಿನಲ್ಲಿ ವಿಭಜಿಸುತ್ತಿರುವ ಕೋಶಗಳು ಹೆಚ್ಚು ಸಿಗುತ್ತವೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಮಧ್ಯಾಹ್ನ ಕತ್ತರಿಸಿದರೆ ಏನೂ ಕಾಣುವುದೇ ಇಲ್ಲ ಅಂತಲ್ಲ. ಹೊತ್ತು ತಪ್ಪಿ ಹಾಳಾದ ಸ್ಲೈಡ್‌ಗಳಿಗಿಂತ ಮುದಿ ಬೇರು, ಕಂದಿದ ಬೇರು ಕತ್ತರಿಸಿ ಹಾಳಾದವೇ ನನ್ನ ಕಣ್ಣಿಗೆ ಜಾಸ್ತಿ ಬಿದ್ದಿವೆ.

ಫಿಕ್ಸೇಟಿವ್ ಅಂತ ಒಂದು ದಿನ ಯಾಕೆ ಕಾಯಬೇಕು? ಹಸಿ ಬೇರಿಗೇ ಬಣ್ಣ ಹಾಕಿದರೆ?

ಬೇರನ್ನು ಕತ್ತರಿಸಿದ ಮೇಲೆ ಕೋಶಗಳು ನಿಧಾನವಾಗಿ ಸಾಯುತ್ತವೆ. ಸಾಯುವಾಗ ಒಳಗಿನ ರಚನೆ ಕೆಡುತ್ತದೆ. ಫಿಕ್ಸೇಟಿವ್ ಅವುಗಳನ್ನು ಥಟ್ಟನೆ ಕೊಂದು, ಯಾವ ಹಂತದಲ್ಲಿ ಇದ್ದವೋ ಅದೇ ಹಂತದಲ್ಲಿ ನಿಲ್ಲಿಸಿಬಿಡುತ್ತದೆ.

ಮೂರು ಪಾಲು ಈಥೈಲ್ ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಒಂದು ತರಗತಿಗೆ 15 ಮಿಲಿಲೀಟರಿಗೆ 5 ಮಿಲಿಲೀಟರ್ ಬೆರೆಸಿದರೆ ಸಾಕು. ಇದನ್ನು ಅವತ್ತೇ ಬೆರೆಸಬೇಕು. ಇಟ್ಟರೆ ಎರಡೂ ಸೇರಿ ಎಸ್ಟರ್ ಆಗುತ್ತಾ ಹೋಗುತ್ತವೆ, ಕಸುವು ಹೋಗುತ್ತದೆ. ಬೇರನ್ನು ಕತ್ತರಿಸಿದ ಕೂಡಲೇ ಇದರಲ್ಲಿ ಹಾಕಿ 24 ಗಂಟೆ ಬಿಡಿ. ಆಮೇಲೆ 70 ಪ್ರತಿಶತ ಆಲ್ಕೋಹಾಲಿಗೆ ವರ್ಗಾಯಿಸಿದರೆ ತಂಪಾದ ಜಾಗದಲ್ಲಿ ವಾರಗಟ್ಟಲೆ ಇಡಬಹುದು.

ಹಸಿ ಬೇರಿನಲ್ಲೂ ಒಂದೊಂದು ಸಲ ಹಂತಗಳು ಕಾಣುತ್ತವೆ, ಏಕೆಂದರೆ ಬಣ್ಣದಲ್ಲಿರುವ ಅಸಿಟಿಕ್ ಆಮ್ಲವೇ ಸ್ವಲ್ಪ ಫಿಕ್ಸ್ ಮಾಡುತ್ತದೆ. ತುರ್ತಿಗೆ ಸರಿ. ನಲವತ್ತು ಮಂದಿಯ ತರಗತಿಗೆ ಅದನ್ನು ನಂಬಿ ಹೋಗಬೇಡಿ.

## ಮೇಜಿನ ಮೇಲೆ

ಮೊದಲಿಂದ ಕೊನೆವರೆಗೆ ಒಮ್ಮೆ ಹೇಳ್ತೀರಾ, ಯಾವುದಾದ ಮೇಲೆ ಯಾವುದು ಅಂತ?

ನಾನು ಮಾಡುವ ಕ್ರಮ ಹೇಳುತ್ತೇನೆ. ಬೇರೆ ಶಾಲೆಗಳಲ್ಲಿ ಸ್ವಲ್ಪ ಹಿಂದೆಮುಂದೆ ಇರಬಹುದು.

ಫಿಕ್ಸ್ ಆದ ಒಂದೆರಡು ಬೇರುಗಳನ್ನು ನೀರಲ್ಲಿ ತೊಳೆಯಿರಿ. ಒಂದು ಸಣ್ಣ ಪ್ರನಾಳದಲ್ಲಿ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಂಡು, ಅದನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿ. ಬೇರನ್ನು ಅದರೊಳಗೆ ಐದರಿಂದ ಎಂಟು ನಿಮಿಷ ಬಿಡಿ. ಹೊರತೆಗೆದು ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ.

ಈಗ ವಾಚ್ ಗ್ಲಾಸಿನಲ್ಲಿ ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ, ಬೇರನ್ನು ಅದರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ. ನಡುವೆ ಒಂದೆರಡು ಸಲ ಉಗುರುಬೆಚ್ಚಗೆ ಮಾಡಿ. ತುದಿ ಉಳಿದ ಬೇರಿಗಿಂತ ಕಡುಕೆಂಪಾಗುತ್ತದೆ. ಅಲ್ಲಿ ಕೋಶಗಳು ಚಿಕ್ಕವು, ಒತ್ತೊತ್ತಾಗಿವೆ, ಪ್ರತಿಯೊಂದರಲ್ಲೂ ಕೋಶಕೇಂದ್ರವೇ ಹೆಚ್ಚು ಜಾಗ ಹಿಡಿದಿರುತ್ತದೆ. ಹಾಗಾಗಿ ಬಣ್ಣವೂ ಅಲ್ಲೇ ಹೆಚ್ಚು.

ಬೇರನ್ನು ಸ್ಲೈಡಿಗೆ ತಂದು ಆ ಕಡುಕೆಂಪು ತುದಿಯನ್ನು ಮಾತ್ರ ಕತ್ತರಿಸಿ ಉಳಿಸಿ, ಮಿಕ್ಕದ್ದನ್ನು ಬಿಸಾಡಿ. ಅದರ ಮೇಲೆ 45 ಪ್ರತಿಶತ ಅಸಿಟಿಕ್ ಆಮ್ಲದ ಒಂದು ಹನಿ, ಅದರ ಮೇಲೆ ಕವರ್‌ಸ್ಲಿಪ್. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿದರೆ ಗಾಳಿಗುಳ್ಳೆ ಬರುವುದಿಲ್ಲ. ಆಮೇಲೆ ತಟ್ಟಿ, ಒತ್ತಿ, ನೋಡಿ.

ಆಮ್ಲದಲ್ಲಿ ಇಡದೇ ಇದ್ದರೆ ಏನಾಗುತ್ತೆ? ಜಾಸ್ತಿ ಹೊತ್ತು ಇಟ್ಟರೆ?

ಗಿಡದ ಕೋಶಗಳು ಪೆಕ್ಟಿನ್ ಎಂಬ ಅಂಟಿನಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಸಿ ಆಮ್ಲ ಆ ಅಂಟನ್ನು ಸಡಿಲಿಸುತ್ತದೆ. ಆಮ್ಲ ತಾಗದ ಬೇರನ್ನು ಎಷ್ಟು ಒತ್ತಿದರೂ ಅದು ಇಟ್ಟಿಗೆ ಗೋಡೆಯ ತುಂಡಿನಂತೆ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಒಂದರ ಮೇಲೊಂದು ಕೋಶಗಳ ದಪ್ಪ ಮುದ್ದೆ ಕಾಣುತ್ತದೆ, ಫೋಕಸ್ ಎಲ್ಲೂ ನಿಲ್ಲುವುದಿಲ್ಲ.

ಜಾಸ್ತಿಯಾದರೆ ಬೇರು ಚಿಮುಟದಲ್ಲಿ ಎತ್ತುವಾಗಲೇ ಕಿತ್ತುಹೋಗುತ್ತದೆ, ಬಣ್ಣವೂ ಪೇಲವವಾಗುತ್ತದೆ. ಗಡಿಯಾರಕ್ಕಿಂತ ಸೂಜಿಯನ್ನು ನಂಬಿ. ಬೇರಿನ ಮೇಲ್ಭಾಗವನ್ನು ಸೂಜಿಯಿಂದ ಮೆಲ್ಲಗೆ ಅದುಮಿದಾಗ ಬೆಂದ ಸೇವಿಗೆಯಂತೆ ಬಾಗಬೇಕು. ಪುಟಿದು ನಿಂತರೆ ಇನ್ನೊಂದು ನಿಮಿಷ ಬೇಕು.

ಗಾಢ ಆಮ್ಲದಿಂದ 1 ನಾರ್ಮಲ್ ದ್ರಾವಣ ತಯಾರಿಸುವುದು ಶಿಕ್ಷಕರ ಕೆಲಸ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ.

ಬಿಸಿ ಮಾಡಿದಾಗಲೆಲ್ಲ ಬಣ್ಣ ಒಣಗಿ ಹರಳು ಹರಳಾಗುತ್ತೆ, ಏನ್ ಮಾಡೋದು?

ಅಂದರೆ ಕುದಿಸುತ್ತಿದ್ದೀರಿ. ಸ್ಪಿರಿಟ್ ಲ್ಯಾಂಪಿನ ಜ್ವಾಲೆಯ ಮೇಲೆ ವಾಚ್ ಗ್ಲಾಸನ್ನು ಆಡಿಸಬೇಕು, ನಿಲ್ಲಿಸಬಾರದು. ಕೆಳಗಿನಿಂದ ಕೈಬೆನ್ನಿಗೆ ತಾಗಿಸಿ ನೋಡಿ. ಬೆಚ್ಚಗಿದ್ದು ಸಹಿಸುವಂತಿದ್ದರೆ ಸಾಕು. ಬಣ್ಣ ಕಡಿಮೆಯಾದರೆ ಇನ್ನೆರಡು ಹನಿ ಹಾಕಿ. ಒಣಗಿ ಕೂತ ಕಡುಕೆಂಪು ಹರಳುಗಳನ್ನು ವರ್ಣತಂತು ಎಂದು ಬರೆದುಕೊಂಡವರು ಕಡಿಮೆಯೇನಿಲ್ಲ. ಹರಳು ಕೋಶದ ಹೊರಗೂ ಇರುತ್ತದೆ, ಅಂಚು ಮೊನಚಾಗಿರುತ್ತದೆ. ಗುರುತು ಅಷ್ಟೇ.

ಫಿಕ್ಸೇಟಿವ್ ಮತ್ತು ಆಲ್ಕೋಹಾಲ್ ಬಾಟಲಿಗಳು ಆ ಮೇಜಿನಿಂದ ದೂರ ಇರಲಿ. ಎರಡಕ್ಕೂ ಬೇಗ ಬೆಂಕಿ ಹಿಡಿಯುತ್ತದೆ.

ಹದಿನೈದು ನಿಮಿಷ ಬಿಟ್ಟರೂ ಬಣ್ಣ ಹಿಡೀಲಿಲ್ಲ. ಬಣ್ಣ ಹಳೇದಾ?

ಇರಬಹುದು. ಆದರೆ ಮೊದಲ ಅನುಮಾನ ಆಮ್ಲದ ಮೇಲಿರಲಿ. ಬೇರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಉಳಿದಿದ್ದರೆ ಕಾರ್ಮೈನ್ ಸರಿಯಾಗಿ ಹಿಡಿಯುವುದಿಲ್ಲ. ತೊಳೆದಿದ್ದೇವೆ ಎನ್ನುವವರು ಬಹಳ ಸಲ ಬರೀ ಅದ್ದಿ ತೆಗೆದಿರುತ್ತಾರೆ.

ಇನ್ನೊಂದು ಹಳೆಯ ಉಪಾಯವಿದೆ. ಬಣ್ಣದಲ್ಲಿರುವ ಬೇರನ್ನು ಸ್ಟೀಲ್ ಸೂಜಿಯ ಬದಲು ಸ್ವಲ್ಪ ತುಕ್ಕು ಹಿಡಿದ ಕಬ್ಬಿಣದ ಸೂಜಿಯಿಂದ ಆಡಿಸಿ. ಕಬ್ಬಿಣದ ಅಂಶ ಕಾರ್ಮೈನನ್ನು ವರ್ಣತಂತುವಿಗೆ ಕಚ್ಚಿಸುತ್ತದೆ, ಕೆಂಪು ಕಪ್ಪಿನ ಕಡೆ ತಿರುಗುತ್ತದೆ. ಅತಿಯಾದರೆ ಕೋಶದ ಒಳಗೆಲ್ಲ ಕಪ್ಪಾಗಿ ಏನೂ ತಿಳಿಯದಂತಾಗುತ್ತದೆ. ಹಾಗಾಗಿ ಬಣ್ಣ ಗಾಢವಾಗತೊಡಗಿದ ಕೂಡಲೇ ಸೂಜಿ ತೆಗೆಯಿರಿ. ತುಕ್ಕು ಕೂಡ ಲ್ಯಾಬಿನಲ್ಲಿ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ ಅನ್ನಿಸುತ್ತದೆ!

ಒತ್ತಿದರೆ ಕವರ್‌ಸ್ಲಿಪ್ ಒಡೆಯುತ್ತೆ, ಒತ್ತದಿದ್ದರೆ ಏನೂ ಕಾಣಲ್ಲ.

ಒತ್ತುವುದು ಕೊನೆಯ ಕೆಲಸ. ಮೊದಲು ತಟ್ಟಬೇಕು. ಪೆನ್ಸಿಲಿನ ಮೊಂಡು ತುದಿಯಿಂದ ಬೇರಿರುವ ಜಾಗದ ಮೇಲೆ ನೇರವಾಗಿ, ಹಗುರಾಗಿ ಇಪ್ಪತ್ತು ಮೂವತ್ತು ಸಲ ತಟ್ಟಿ. ಕೆಂಪು ಚುಕ್ಕೆ ಕಣ್ಣೆದುರೇ ಹರಡಿ ಮಸುಕಾದ ಮೋಡದಂತಾಗುತ್ತದೆ. ಆಮೇಲೆ ಮೇಲೊಂದು ಮಡಿಸಿದ ಬ್ಲಾಟಿಂಗ್ ಪೇಪರ್ ಇಟ್ಟು, ಹೆಬ್ಬೆರಳಿನಿಂದ ನೇರ ಕೆಳಗೆ ಒಮ್ಮೆ ಒತ್ತಿ. ಮೇಜು ಸಮತಟ್ಟಾಗಿರಲಿ.

ತಟ್ಟಿದ ಮೇಲೂ ಗಟ್ಟಿ ಚುಕ್ಕೆ ಹಾಗೇ ಇದ್ದರೆ ಇನ್ನೂ ಜೋರಾಗಿ ಒತ್ತಬೇಡಿ. ಆಮ್ಲದ ಹಂತ ಸಾಲದೇ ಹೋಗಿದೆ, ಹೊಸ ಬೇರಿನಿಂದ ಶುರು ಮಾಡಿ.

ಒಡೆಯುವುದಕ್ಕಿಂತ ಕೆಟ್ಟದ್ದು ಜಾರುವುದು. ಬೆರಳು ತಿರುಚಿದರೆ ಕವರ್‌ಸ್ಲಿಪ್ ಪಕ್ಕಕ್ಕೆ ಸರಿದು ಕೋಶಗಳು ಉರುಳಿ ಬತ್ತಿಯಂತೆ ಸುರುಳಿಯಾಗುತ್ತವೆ. ಸ್ಲೈಡಿನಲ್ಲಿ ಒಂದೇ ದಿಕ್ಕಿಗೆ ಎಳೆದ ಕೆಂಪು ಗೆರೆಗಳು ಕಂಡರೆ ನಡೆದದ್ದು ಅದೇ.

ಎಲ್ಲಾ ಸರಿಯಾಗೇ ಮಾಡಿದ್ವಿ. ಪಕ್ಕದ ಗುಂಪಿಗೆ ಕಾಣ್ತಿದೆ, ನಮಗೆ ಬರೀ ಉದ್ದುದ್ದ ಕೋಶಗಳು!

ಒಂದು ವರ್ಷ ಎಂಟು ಗುಂಪುಗಳಲ್ಲಿ ಮೂರಕ್ಕೆ ಹೀಗೇ ಆಯಿತು. ಬೇರು ಒಂದೇ ಬಾಟಲಿಯದ್ದು, ಬಣ್ಣ ಒಂದೇ, ಬಿಸಿನೀರೂ ಒಂದೇ. ಸ್ಲೈಡುಗಳನ್ನು ನಾನೇ ನೋಡಿದೆ. ಕೋಶಗಳು ಚೆನ್ನಾಗಿ ಬಿಡಿಸಿಕೊಂಡಿದ್ದವು, ಅಂದರೆ ಆಮ್ಲ ಸರಿಯಿತ್ತು. ಕೋಶಕೇಂದ್ರಗಳು ಕೆಂಪಾಗಿದ್ದವು, ಬಣ್ಣವೂ ಸರಿ. ಆದರೆ ಕೋಶಗಳು ಆಯತಾಕಾರ, ಅಗಲಕ್ಕಿಂತ ಉದ್ದ ನಾಲ್ಕೈದು ಪಟ್ಟು. ಎರಡು ಸ್ಲೈಡುಗಳಲ್ಲಿ ಸುರುಳಿ ಸುತ್ತಿದ ನೀರುಗೊಳವೆಗಳೂ ಕಂಡವು. ಇವು ಬೇರಿನ ಮೇಲ್ಭಾಗದಲ್ಲಿ ಇರುವಂಥವು. ಅಲ್ಲಿಗೆ ಗೊತ್ತಾಯಿತು, ಅವರು ತುದಿ ಎಂದುಕೊಂಡು ಇನ್ನೊಂದು ಕೊನೆಯನ್ನು ಕತ್ತರಿಸಿದ್ದರು.

ತಪ್ಪು ಮಕ್ಕಳದ್ದಲ್ಲ, ನನ್ನದು. ಬೇರುಗಳನ್ನು ಒಂದು ಸೆಂಟಿಮೀಟರಿನ ಚಿಕ್ಕ ತುಂಡು ಮಾಡಿ ಫಿಕ್ಸೇಟಿವಿಗೆ ಹಾಕಿದ್ದೆ. ಮರುದಿನಕ್ಕೆ ಎಲ್ಲವೂ ಬಿಳುಪು, ಎರಡೂ ಕೊನೆ ಒಂದೇ ಥರ. ಈಗ ಗೆಡ್ಡೆಯಿಂದ ಬೇರು ತೆಗೆಯುವಾಗಲೇ ಮೇಲಿನ ಕೊನೆಯನ್ನು ಓರೆಯಾಗಿ ಕತ್ತರಿಸುತ್ತೇನೆ. ಓರೆಯಿದ್ದ ಕಡೆ ಗೆಡ್ಡೆ, ದುಂಡಗಿನ ಕಡೆ ತುದಿ. ಆಮೇಲೆ ಈ ತೊಂದರೆ ಬಂದಿಲ್ಲ.

## ಮೈಕ್ರೋಸ್ಕೋಪಿನಲ್ಲಿ

ಎಲ್ಲಾ ಒಂದೇ ಥರ ಕಾಣುತ್ತೆ. ಯಾವ ಹಂತ ಅಂತ ಹೇಗೆ ಗುರುತು ಹಿಡಿಯೋದು?

ಮೊದಲು 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಚಿಕ್ಕ, ಚೌಕದಂಥ ಕೋಶಗಳ ಗುಂಪು ಹುಡುಕಿ. ಅದು ಸಿಕ್ಕಿದ ಮೇಲೇ 40ಕ್ಕೆ ಹೋಗಿ. ನೇರವಾಗಿ 40ರಲ್ಲಿ ಹುಡುಕಲು ಹೊರಟರೆ ಪಿರಿಯಡ್ ಅಲ್ಲೇ ಮುಗಿಯುತ್ತದೆ.

ಸುಲಭದ್ದು ಮೊದಲು. ಅನಾಫೇಸ್ ಆದರೆ ಒಂದೇ ಕೋಶದಲ್ಲಿ ಎರಡು ಗುಂಪು ಎಳೆಗಳು ಎದುರುಬದುರು ದೂರ ಸರಿಯುತ್ತಿರುತ್ತವೆ. ತೋಳುಗಳು ಹಿಂದಕ್ಕೆ ಇಳಿಬಿದ್ದು V ಆಕಾರ ಕಾಣಬಹುದು. ಮೆಟಾಫೇಸಿನಲ್ಲಿ ವರ್ಣತಂತುಗಳು ಕೋಶದ ನಡುವೆ ಒಂದು ಪಟ್ಟಿಯಾಗಿ ನಿಂತಿರುತ್ತವೆ. ಆದರೆ ಒತ್ತುವಾಗ ಕೆಲವು ಕೋಶಗಳು ಮಗುಚಿಕೊಳ್ಳುತ್ತವೆ, ಆಗ ಅದೇ ಪಟ್ಟಿ ಮೇಲಿನಿಂದ ಹೂವಿನಂತೆ ಕಾಣುತ್ತದೆ. ಅದೂ ಮೆಟಾಫೇಸೇ.

ಗೊಂದಲವಾಗುವುದು ಎರಡು ಕಡೆ. ಇಂಟರ್‌ಫೇಸ್‌ನ ಕೋಶಕೇಂದ್ರ ನುಣ್ಣಗೆ ದುಂಡಗಿರುತ್ತದೆ, ಒಳಗೆ ಒಂದೆರಡು ತಿಳಿಯಾದ ಚುಕ್ಕೆಗಳಿರುತ್ತವೆ. ಅವು ನ್ಯೂಕ್ಲಿಯೋಲಸ್‌ಗಳು. ಪ್ರೊಫೇಸ್‌ ಶುರುವಾದರೆ ಅದೇ ದುಂಡು ನೂಲಿನ ಉಂಡೆಯಂತಾಗುತ್ತದೆ. ಫೈನ್ ಫೋಕಸ್ ತಿರುಗಿಸುತ್ತಾ ನೋಡಿ, ಎಳೆಗಳನ್ನು ಹಿಂಬಾಲಿಸಲು ಬಂದರೆ ಪ್ರೊಫೇಸ್, ಬರೀ ಮರಳು ಚೆಲ್ಲಿದಂತಿದ್ದರೆ ಇಂಟರ್‌ಫೇಸ್.

ಎರಡನೆಯದು ಟೀಲೋಫೇಸ್. ಅಕ್ಕಪಕ್ಕದ ಎರಡು ಸಾಧಾರಣ ಕೋಶಗಳನ್ನೂ ಟೀಲೋಫೇಸ್ ಎಂದು ಬರೆಯುವವರಿದ್ದಾರೆ. ನಿಜವಾದ ಟೀಲೋಫೇಸಿನಲ್ಲಿ ಎರಡೂ ಗುಂಪುಗಳು ಚಿಕ್ಕವು, ಗಾಢವಾಗಿ ಮುದುಡಿದಂತಿರುತ್ತವೆ. ನಡುವೆ ಹೊಸ ಗೋಡೆಯ ತೆಳು ಗೆರೆ ಆಗಷ್ಟೇ ಮೂಡುತ್ತಿರುತ್ತದೆ.

ಒಂದೇ ಕೋಶ ನೋಡ್ತಾ ಕೂತರೆ ಮುಂದಿನ ಹಂತಕ್ಕೆ ಹೋಗುತ್ತಾ?

ಇಲ್ಲ, ಅದು ಸತ್ತ ಕೋಶ. ನೀವು ನೋಡುತ್ತಿರುವುದು ಓಟದ ಪಂದ್ಯದ ಒಂದು ಫೋಟೋ ಇದ್ದಂತೆ. ಬೇರೆ ಬೇರೆ ಕೋಶಗಳು ಬೇರೆ ಬೇರೆ ಹಂತದಲ್ಲಿ ನಿಂತಿವೆ, ಕ್ರಮ ಜೋಡಿಸುವುದು ನಿಮ್ಮ ಕೆಲಸ.

ಪುಸ್ತಕದ ಚಿತ್ರದಲ್ಲಿ ಸ್ಪಿಂಡಲ್ ಎಳೆ, ಸೆಂಟ್ರಿಯೋಲ್ ಇದೆ. ನಮ್ಮ ಸ್ಲೈಡಲ್ಲಿ ಯಾಕಿಲ್ಲ?

ಸೆಂಟ್ರಿಯೋಲ್ ಈರುಳ್ಳಿ ಕೋಶದಲ್ಲಿ ಇಲ್ಲವೇ ಇಲ್ಲ. ಆ ಚಿತ್ರ ಪ್ರಾಣಿಕೋಶದ್ದು. ಸ್ಪಿಂಡಲ್ ಇದೆ, ಆದರೆ ಅಸಿಟೋಕಾರ್ಮೈನ್ ಅದಕ್ಕೆ ಹಿಡಿಯುವುದಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. ಸೆಂಟ್ರಿಯೋಲ್ ಇರುವ "ಈರುಳ್ಳಿ ಕೋಶ" ಕಂಡರೆ ಆ ಚಿತ್ರ ಎಲ್ಲಿಂದ ಬಂತು ಅಂತ ಗೊತ್ತಾಗಿಬಿಡುತ್ತದೆ, ಅಲ್ವಾ?

## ಇನ್ನೂ ಮುಂದೆ ಹೋಗುವವರಿಗೆ

ಮೈಟಾಟಿಕ್ ಇಂಡೆಕ್ಸ್ ಲೆಕ್ಕ ಹೇಗೆ? ಅದರಿಂದ ಒಂದೊಂದು ಹಂತದ ಸಮಯ ಹೇಳಬಹುದಾ?

ವಿಭಜನೆಯಲ್ಲಿರುವ ಕೋಶಗಳನ್ನು ಒಟ್ಟು ಕೋಶಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಮೈಟಾಟಿಕ್ ಇಂಡೆಕ್ಸ್.

ಒಂದು ಗುಂಪು 400 ಕೋಶ ಎಣಿಸಿತು ಅನ್ನೋಣ. ಇಂಟರ್‌ಫೇಸ್ 352, ಪ್ರೊಫೇಸ್ 27, ಮೆಟಾಫೇಸ್ 9, ಅನಾಫೇಸ್ 5, ಟೀಲೋಫೇಸ್ 7. ವಿಭಜನೆಯಲ್ಲಿರುವುದು 48, ಇಂಡೆಕ್ಸ್ 12 ಪ್ರತಿಶತ. ಒಂದು ಹಂತ ಹೆಚ್ಚು ಹೊತ್ತು ನಡೆದರೆ ಆ ಹಂತದ ಕೋಶಗಳೂ ಹೆಚ್ಚು ಸಿಗುತ್ತವೆ. ಪೂರ್ತಿ ಚಕ್ರಕ್ಕೆ 20 ಗಂಟೆ ಎಂದು ಇಟ್ಟುಕೊಂಡರೆ ಪ್ರೊಫೇಸಿಗೆ 400ರಲ್ಲಿ 27 ಪಾಲು, ಅಂದರೆ ಸುಮಾರು 81 ನಿಮಿಷ. ಅನಾಫೇಸಿಗೆ ಬರೀ 15 ನಿಮಿಷ. ಅನಾಫೇಸ್ ಹುಡುಕಿ ಹುಡುಕಿ ಸುಸ್ತಾಗುವುದು ಇದಕ್ಕೇ.

ಈ ನಿಮಿಷಗಳು ಅಂದಾಜು ಮಾತ್ರ. ಎಣಿಸಿದ ಕೋಶಗಳೆಲ್ಲ ವಿಭಜಿಸುವ ಸಾಲಿನಲ್ಲೇ ಇರುತ್ತವೆ ಅಂತಿಲ್ಲ. ಒಂದು ಕೋಶ ಎರಡಾಗುವುದರಿಂದ ಆಗಷ್ಟೇ ಹುಟ್ಟಿದವುಗಳ ಸಂಖ್ಯೆಯೂ ಯಾವಾಗಲೂ ಸ್ವಲ್ಪ ಜಾಸ್ತಿ. ಇದಕ್ಕಿಂತ ದೊಡ್ಡ ತಪ್ಪು ಮನುಷ್ಯರದ್ದು: ಚೆಂದದ ಹಂತಗಳಿರುವ ಜಾಗವನ್ನೇ ಆರಿಸಿ ಎಣಿಸುವುದು. ಹಾಗೆ ಮಾಡಿದರೆ ಇಂಡೆಕ್ಸ್ ಸುಮ್ನೆ ಏರುತ್ತದೆ. ತುದಿಯ ಭಾಗದಲ್ಲಿ ಒಂದು ನೇರ ಸಾಲು ಹಿಡಿದು, ಬಂದ ಕೋಶವನ್ನೆಲ್ಲ ಎಣಿಸಿ. ಗೋಡೆ ಇನ್ನೂ ಪೂರ್ತಿಯಾಗದ ಟೀಲೋಫೇಸನ್ನು ಒಂದು ಕೋಶವೆಂದೇ ಲೆಕ್ಕ ಹಾಕಿ, ಎಲ್ಲ ಗುಂಪುಗಳೂ ಅದೇ ನಿಯಮ ಪಾಲಿಸಲಿ.

16 ವರ್ಣತಂತುಗಳನ್ನೂ ಎಣಿಸಬಹುದಾ? ಕಾಲ್ಚಿಸಿನ್ ಬಳಸಿದರೆ ಸುಲಭ ಅಂತಾರೆ.

ಮೇಲೆ ಹೇಳಿದ ವಿಧಾನದಲ್ಲಿ ಎಣಿಸುವುದು ಕಷ್ಟ. ಮೆಟಾಫೇಸಿನಲ್ಲಿ ಅವು ಒಂದರ ಮೇಲೊಂದು ಬಿದ್ದಿರುತ್ತವೆ. ಕಾಲ್ಚಿಸಿನ್ ಸ್ಪಿಂಡಲ್ ಕಟ್ಟದಂತೆ ತಡೆಯುತ್ತದೆ. ಆಗ ವರ್ಣತಂತುಗಳು ಸಾಲಾಗಿ ನಿಲ್ಲದೆ, ಕುಗ್ಗಿ ಗಿಡ್ಡವಾಗಿ, ಕೋಶದ ತುಂಬ ಚದುರಿಕೊಳ್ಳುತ್ತವೆ. ಎಣಿಸಲು ಅನುಕೂಲ. ಆದರೆ ಅದು ಕಡು ವಿಷ, ಶಾಲೆಯ ಮೇಜಿಗೆ ತರಬೇಡಿ.

ಬೇಕಿದ್ದರೆ ಕತ್ತರಿಸಿದ ಬೇರುಗಳನ್ನು ಫಿಕ್ಸ್ ಮಾಡುವ ಮೊದಲು ಮಂಜುಗಡ್ಡೆ ಹಾಕಿದ ನೀರಿನಲ್ಲಿ 24 ಗಂಟೆ ಇಡಿ. ಚಳಿಯೂ ಸ್ಪಿಂಡಲನ್ನು ಕೆಡಿಸುತ್ತದೆ, ಕಾಲ್ಚಿಸಿನ್‌ನಷ್ಟು ಚೊಕ್ಕವಾಗಿ ಅಲ್ಲದಿದ್ದರೂ ಕೆಲಸ ನಡೆಯುತ್ತದೆ. ಒಂದು ಎಚ್ಚರಿಕೆ: ಹೀಗೆ ತಯಾರಿಸಿದ ಬೇರಿನಲ್ಲಿ ಸರಿಯಾದ ಅನಾಫೇಸ್ ಹುಡುಕಬೇಡಿ, ಸ್ಪಿಂಡಲ್ ಇಲ್ಲದೆ ಎಳೆಗಳು ದೂರ ಸರಿಯುವುದಿಲ್ಲ. ಆ ಸ್ಲೈಡಿನಲ್ಲಿ ಇಂಡೆಕ್ಸ್ ಲೆಕ್ಕವನ್ನೂ ಹಾಕಬೇಡಿ. ಅದಕ್ಕೆ ಬೇರೆ ಬೇರು ಇಟ್ಟುಕೊಳ್ಳಿ.

ಒಳ್ಳೇ ಸ್ಲೈಡ್ ಸಿಕ್ಕಿದೆ, ನಾಳೆ ತೋರಿಸೋಕೆ ಇಡಬಹುದಾ?

ಇಡಬಹುದು. ಕವರ್‌ಸ್ಲಿಪ್ ಸುತ್ತ ಉಕ್ಕಿದ ದ್ರವವನ್ನು ಬ್ಲಾಟಿಂಗ್ ಪೇಪರಿನಿಂದ ಹೀರಿ, ನಾಲ್ಕೂ ಅಂಚಿಗೆ ನೇಲ್ ಪಾಲಿಷ್ ಬಳಿಯಿರಿ. ಅಂಚು ಒದ್ದೆಯಿದ್ದರೆ ಪಾಲಿಷ್ ಹಿಡಿಯುವುದಿಲ್ಲ. ಹೀಗೆ ಮಾಡಿದರೆ ಕೆಲವು ದಿನ ಒಣಗದೆ ಉಳಿಯುತ್ತದೆ. ಒಳ್ಳೆಯ ಕೋಶ ಸ್ಲೈಡಿನಲ್ಲಿ ಎಲ್ಲಿದೆ ಎಂದು ಅದರ ಹತ್ತಿರ ಮಾರ್ಕರಿನಲ್ಲಿ ಒಂದು ಚುಕ್ಕೆ ಇಡಿ, ಇಲ್ಲದಿದ್ದರೆ ನಾಳೆ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ.